ಪೀಣ್ಯದಲ್ಲಿ ನಡೆದ ವಂದನಾರ್ಪಣೆ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷದ ಹೊತ್ತಿಗೆ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ ಚಪ್ಪಾಳೆ ಮುಗಿಲು ಮುಟ್ಟಿತು. ಜೊಹಾನ್ಸ್‌ಬರ್ಗ್‌ನಿಂದ ಪರದೆಯ ಮೇಲೆ ಮೂಡಿದ ಪ್ರಧಾನಿಗಳ ಮಾತಾಯಿತು. ಆಮೇಲೆ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ತಮ್ಮ ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ಮೈಕಿನ ಮುಂದೆ ಕರೆದರು. ಅವರಲ್ಲಿ ಒಬ್ಬರು ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್.

ಅವರು ಆಡಿದ್ದು ಕೆಲವೇ ವಾಕ್ಯ. ಇದು ತಮಗೆ ಅತ್ಯಂತ ಸಂತೋಷದ ಗಳಿಗೆ ಎಂದರು. ಉಡಾವಣೆಯಿಂದ ಇಳಿಯುವವರೆಗೆ ಎಲ್ಲವೂ ವೇಳಾಪಟ್ಟಿಯಂತೆ ದೋಷವಿಲ್ಲದೆ ನಡೆಯಿತು ಎಂದರು. ಚಂದ್ರನ ಮೇಲೆ ಮೆಲ್ಲನೆ ಇಳಿದ ದೇಶಗಳಲ್ಲಿ ನಾವು ನಾಲ್ಕನೆಯವರು ಎಂದು ನೆನಪಿಸಿದರು. ಬಳಿಕ ವಂದನೆಗೆ ಬಂದರು. ಪಥ ನಿರ್ಣಯ, ಮಾರ್ಗದರ್ಶನ ಮತ್ತು ನಿಯಂತ್ರಣ ತಂಡ, ಪ್ರೊಪಲ್ಷನ್ ತಂಡ, ಅಂದರೆ ಎಂಜಿನ್ನಿನವರು, ಸೆನ್ಸರ್ ತಂಡ, ನೌಕೆಯ ಮೇನ್‌ಫ್ರೇಮ್ ಉಪವ್ಯವಸ್ಥೆಗಳ ಎಲ್ಲ ತಂಡಗಳು. ಕೊನೆಗೆ, ಉಡಾವಣೆಯಿಂದ ಆ ದಿನದವರೆಗೆ ಪ್ರತಿ ಹೆಜ್ಜೆಯನ್ನೂ ಪರಿಶೀಲಿಸಿದ ನಿರ್ಣಾಯಕ ಕಾರ್ಯಾಚರಣೆಗಳ ಪರಿಶೀಲನಾ ಸಮಿತಿ. ಗುರಿ ತಪ್ಪದೆ ಇಳಿದದ್ದು ಆ ಪರಿಶೀಲನೆಯಿಂದ ಎಂದು ಸೇರಿಸಿದರು.

ನಮ್ಮ ಸಭೆಗಳಲ್ಲಿ ವಂದನಾರ್ಪಣೆಯ ಹೊತ್ತಿಗೆ ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಶಾಮಿಯಾನದವರು, ಮೈಕಿನವರು, ಪತ್ರಕರ್ತರು ಎಂಬ ಪಟ್ಟಿ ಯಾವ ಸಭೆಗಾದರೂ ಹೊಂದುತ್ತದೆ, ಹಾಗಾಗಿ ಯಾರೂ ಕಿವಿಗೊಡುವುದಿಲ್ಲ. ಆ ಸಂಜೆಯೂ ಟಿ.ವಿ. ವಾಹಿನಿಗಳು ಪಟಾಕಿಯ ಕಡೆ ಹೊರಟಿದ್ದವು. ಆದರೆ ವೀರಮುತ್ತುವೇಲ್ ಹೇಳಿದ ಪಟ್ಟಿ ಬೇರೆ ಯಾವ ಸಭೆಗೂ ಹೊಂದುವಂಥದ್ದಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಯಾಕೆ ಅಪ್ಪಳಿಸಿತು, ನಾಲ್ಕು ವರ್ಷ ಯಾರು ಯಾವುದನ್ನು ಸರಿಪಡಿಸಿದರು ಎಂಬ ಇಡೀ ಕಥೆ ಆ ಪಟ್ಟಿಯ ಹೆಸರುಗಳಲ್ಲಿದೆ. ಒಂದೊಂದೇ ಹೆಸರನ್ನು ಬಿಡಿಸಿ ನೋಡಿದರೆ ಅದು ತಿಳಿಯುತ್ತದೆ.

ಮೊದಲು ಇಳಿಯುವಿಕೆಯ ಬಗ್ಗೆ ಎರಡು ಮಾತು. ಆ ಸಂಜೆ 5 ಗಂಟೆ 44 ನಿಮಿಷದ ಸುಮಾರಿಗೆ ಲ್ಯಾಂಡರ್ ಚಂದ್ರನ ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿ, ನೆಲಕ್ಕೆ ಸಮಾನಾಂತರವಾಗಿ ಧಾವಿಸುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಆರು ಸಾವಿರ ಕಿಲೋಮೀಟರ್. ಅದನ್ನು ಹತ್ತೊಂಬತ್ತು ನಿಮಿಷಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ತರಬೇಕು. ಚಂದ್ರನ ಮೇಲೆ ಗಾಳಿಯಿಲ್ಲ, ಪ್ಯಾರಾಚೂಟ್ ಬಿಚ್ಚಿದರೆ ಪ್ರಯೋಜನವಿಲ್ಲ. ಎಂಜಿನ್ನನ್ನು ಎದುರು ದಿಕ್ಕಿಗೆ ಉರಿಸಿ ವೇಗ ಕಳೆಯುವುದೊಂದೇ ದಾರಿ. ಚಂದ್ರನಿಂದ ಸಂಕೇತ ಬರಲು ಒಂದು ಸೆಕೆಂಡಿಗೂ ಹೆಚ್ಚು, ಉತ್ತರ ಹೋಗಲು ಮತ್ತೆ ಅಷ್ಟೇ ಹೊತ್ತು ಬೇಕು. ಆದ್ದರಿಂದ ಪೀಣ್ಯದಲ್ಲಿ ಕುಳಿತವರು ಆ ಹತ್ತೊಂಬತ್ತು ನಿಮಿಷ ನೌಕೆಯನ್ನು ನಡೆಸುವಂತಿರಲಿಲ್ಲ. ಇಳಿಯುವ ಆಜ್ಞೆ ಒಮ್ಮೆ ಹೋದ ಮೇಲೆ ಎಲ್ಲ ನಿರ್ಧಾರವೂ ಲ್ಯಾಂಡರಿನ ಒಳಗಿನ ಕಂಪ್ಯೂಟರಿನದೇ. ಮನುಷ್ಯರು ಮಾಡಬೇಕಾದದ್ದೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು.

ಪಟ್ಟಿಯ ಮೊದಲ ಹೆಸರು ಪಥ ನಿರ್ಣಯ, ಮಾರ್ಗದರ್ಶನ ಮತ್ತು ನಿಯಂತ್ರಣ. ಇವು ಒಂದೇ ತಂಡದ ಮೂರು ಕೆಲಸ. ನಾನೀಗ ಎಲ್ಲಿದ್ದೇನೆ, ಎಷ್ಟು ವೇಗದಲ್ಲಿ ಯಾವ ಕಡೆಗೆ ಹೋಗುತ್ತಿದ್ದೇನೆ ಎಂದು ಕಂಡುಕೊಳ್ಳುವುದು ಮೊದಲನೆಯದು. ಇಲ್ಲಿಂದ ಗುರಿಯವರೆಗೆ ಯಾವ ದಾರಿ ಹಿಡಿಯಬೇಕು ಎಂದು ಲೆಕ್ಕ ಹಾಕುವುದು ಎರಡನೆಯದು. ಆ ದಾರಿಗೆ ತಕ್ಕಂತೆ ನೌಕೆಯನ್ನು ತಿರುಗಿಸಿ, ಎಂಜಿನ್ನಿನ ಬಲವನ್ನು ಏರಿಸಿ ಇಳಿಸುವುದು ಮೂರನೆಯದು. ಸೆಕೆಂಡಿನೊಳಗೆ ಹಲವು ಬಾರಿ ಈ ಮೂರೂ ಸುತ್ತು ಹೊಡೆಯುತ್ತಿರಬೇಕು.

2019ರಲ್ಲಿ ಎಡವಿದ್ದು ಈ ಸುತ್ತಿನಲ್ಲೇ. ಚಂದ್ರಯಾನ-3 ಹಾರುವ ಮುನ್ನ, 2023ರ ಜುಲೈನಲ್ಲಿ, ಸೋಮನಾಥ್ ಅದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ಹಳೆಯ ಲ್ಯಾಂಡರಿನ ಐದು ಎಂಜಿನ್‌ಗಳು ಎಣಿಸಿದ್ದಕ್ಕಿಂತ ತುಸು ಹೆಚ್ಚು ಬಲ ಕೊಟ್ಟವು. ನಡುವೆ ನೆಲದ ಚಿತ್ರ ತೆಗೆಯಲೆಂದು ನೌಕೆ ಅಲುಗಾಡದೆ ನಿಲ್ಲಬೇಕಾದ ಒಂದು ಹಂತವಿತ್ತು. ಆ ಹಂತದಲ್ಲಿ ತಪ್ಪು ತಿದ್ದಿಕೊಳ್ಳಲು ಅವಕಾಶವಿಲ್ಲದೆ ಅದು ಕೂಡುತ್ತಾ ಹೋಯಿತು. ಹಂತ ಮುಗಿದ ಕೂಡಲೇ ನೌಕೆ ಸರ್ರನೆ ತಿರುಗಬೇಕಾಯಿತು. ಆದರೆ ಎಷ್ಟು ಬೇಗ ತಿರುಗಬಹುದು ಎಂಬುದಕ್ಕೆ ಸಾಫ್ಟ್‌ವೇರ್ ಮಿತಿ ಹಾಕಿತ್ತು. ಮೂರನೆಯ ಕಾರಣ, ಇಳಿಯಬೇಕಾದ ಜಾಗವನ್ನು 500 ಮೀಟರಿಗೆ 500 ಮೀಟರ್ ಎಂದು ಗೊತ್ತುಮಾಡಲಾಗಿತ್ತು. ದೂರ ಉಳಿದ ನೌಕೆ ಆ ಪುಟ್ಟ ಚೌಕವನ್ನು ಮುಟ್ಟಲು ವೇಗ ಹೆಚ್ಚಿಸಿಕೊಂಡಿತು. ನೆಲವೋ ತೀರಾ ಹತ್ತಿರ ಬಂದಿತ್ತು.

ತುಸು ಹೆಚ್ಚು ಬಲ ಇಷ್ಟು ದೊಡ್ಡ ಅನಾಹುತ ಮಾಡಬಲ್ಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಚಂದ್ರಯಾನ-3ರ ಯೋಜನೆಯಲ್ಲಿ ವೇಗ ತಗ್ಗಿಸುವ ಮೊದಲ ಹಂತ 690 ಸೆಕೆಂಡಿನದು. ಅಷ್ಟರಲ್ಲಿ ವೇಗ ಸೆಕೆಂಡಿಗೆ 1680 ಮೀಟರಿನಿಂದ 358 ಮೀಟರಿಗೆ ಇಳಿಯಬೇಕು, ಅಂದರೆ ಸುಮಾರು 1320 ಮೀಟರ್ ಕಳೆಯಬೇಕು. ಎಂಜಿನ್ ಶೇಕಡ 1ರಷ್ಟು ಹೆಚ್ಚು ಬಲ ಕೊಟ್ಟು ಅದನ್ನು ಯಾರೂ ತಿದ್ದದಿದ್ದರೆ, ಹಂತದ ಕೊನೆಗೆ ವೇಗದಲ್ಲಿ ಸೆಕೆಂಡಿಗೆ 13 ಮೀಟರ್ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸ ಇನ್ನೊಂದು ನೂರು ಸೆಕೆಂಡ್ ಹಾಗೇ ಉಳಿದರೆ ಅಷ್ಟರಿಂದಲೇ ನೌಕೆ 1.3 ಕಿಲೋಮೀಟರ್ ಆಚೀಚೆಯಾಗುತ್ತದೆ. ಗುರಿಯ ಚೌಕ ಇದ್ದದ್ದು ಅರ್ಧ ಕಿಲೋಮೀಟರ್.

ಹಾಗಾಗಿ ಈ ತಂಡ ಎರಡನೆಯ ಸಲ ಬೇರೆ ಕಡೆಯಿಂದ ಯೋಚಿಸಿತು. ಎಲ್ಲ ಸರಿಹೋದರೆ ಹೇಗೆ ಇಳಿಯುತ್ತೇವೆ ಎಂದು ಕೇಳುವ ಬದಲು, ಯಾವುದು ಕೈಕೊಟ್ಟರೂ ಹೇಗೆ ಇಳಿಯುತ್ತೇವೆ ಎಂದು ಕೇಳಿಕೊಂಡಿತು. ಸೋಮನಾಥ್ ಇದನ್ನು ವೈಫಲ್ಯ ಆಧಾರಿತ ವಿನ್ಯಾಸ ಎಂದು ಕರೆದರು. ಸೆನ್ಸರ್ ಕೆಟ್ಟರೆ, ಎಂಜಿನ್ ನಿಂತರೆ, ಲೆಕ್ಕ ತಪ್ಪಿದರೆ ಏನು ಮಾಡುವುದು ಎಂದು ಒಂದೊಂದಕ್ಕೂ ಉತ್ತರ ಬರೆದಿಟ್ಟರು. ಇಳಿಯುವ ಜಾಗವನ್ನೂ ಹಿಗ್ಗಿಸಿ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲ ಮಾಡಿದರು. ವಿಸ್ತಾರದಲ್ಲಿ ಅದು ಹಳೆಯ ಚೌಕದ ನಲವತ್ತು ಪಟ್ಟಿಗೆ ಹತ್ತಿರ. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲಿ ಇಳಿದರೂ ಸರಿ ಎಂಬ ಸ್ವಾತಂತ್ರ್ಯ ಸಿಕ್ಕಿದ್ದರಿಂದ, ಗುರಿ ಮುಟ್ಟಲೇಬೇಕೆಂದು ಕೊನೆಗಳಿಗೆಯಲ್ಲಿ ಓಡುವ ಒತ್ತಡ ನೌಕೆಗೆ ತಪ್ಪಿತು. ಈ ಒಂದು ಬದಲಾವಣೆಯನ್ನು ನಾನು ತುಂಬ ದೊಡ್ಡದೆಂದು ಎಣಿಸುತ್ತೇನೆ. ಯಾವ ಹೊಸ ಯಂತ್ರವನ್ನೂ ಜೋಡಿಸದೆ ಆದ ಬದಲಾವಣೆ ಅದು.

ಎರಡನೆಯ ಹೆಸರು ಎಂಜಿನ್ನಿನವರದು. ಹೊಸ ಲ್ಯಾಂಡರಿನಲ್ಲಿ ನಡುವಿನ ಐದನೆಯ ಎಂಜಿನ್ನನ್ನು ತೆಗೆದುಹಾಕಿದರು. ಉಳಿದದ್ದು ನಾಲ್ಕು ಮೂಲೆಗಳ ನಾಲ್ಕು ಎಂಜಿನ್, ಒಂದೊಂದರ ಗರಿಷ್ಠ ಬಲ 800 ನ್ಯೂಟನ್. ಅವುಗಳ ಜೊತೆಗೆ ನೌಕೆಯ ಮೈಯನ್ನು ಆಚೀಚೆ ತಿರುಗಿಸಲು ಎಂಟು ಸಣ್ಣ ಥ್ರಸ್ಟರ್‌ಗಳು. ಈ ನಾಲ್ಕು ಎಂಜಿನ್‌ಗಳ ವಿಶೇಷವೆಂದರೆ ಉರಿಯುತ್ತಿರುವಾಗಲೇ ಅವುಗಳ ಬಲವನ್ನು ಹೆಚ್ಚು ಕಡಿಮೆ ಮಾಡಬಹುದು. ಬಹುತೇಕ ರಾಕೆಟ್ ಎಂಜಿನ್‌ಗಳಿಗೆ ಆ ಗುಣವಿಲ್ಲ. ಹಚ್ಚಿದರೆ ಪೂರ್ತಿ ಉರಿಯುತ್ತವೆ, ಇಲ್ಲವೇ ಆರುತ್ತವೆ.

ಚಂದ್ರನ ಮೇಲಿಳಿಯಲು ಈ ಗುಣ ಬೇಕೇಬೇಕು. ಇಂಧನವೂ ಸೇರಿ ಲ್ಯಾಂಡರಿನ ರಾಶಿ 1752 ಕಿಲೋಗ್ರಾಂ ಇತ್ತು. ಚಂದ್ರನ ಗುರುತ್ವ ನಮ್ಮದರ ಆರನೆಯ ಒಂದು ಭಾಗವಾದ್ದರಿಂದ ಅಲ್ಲಿ ಅದರ ತೂಕ ಸುಮಾರು 2840 ನ್ಯೂಟನ್. ನಾಲ್ಕೂ ಎಂಜಿನ್ ಸೇರಿದರೆ 3200 ನ್ಯೂಟನ್. ಶುರುವಿನಲ್ಲಿ ಇದು ಸರಿಯಾದ ಜೋಡಿ. ಆದರೆ ಕ್ಷಣಕ್ಷಣಕ್ಕೂ ಇಂಧನ ಕರಗಿ ನೌಕೆ ಹಗುರಾಗುತ್ತಾ ಹೋಗುತ್ತದೆ. ಕೊನೆಗೆ ಅದೇ ಬಲ ಉಳಿದರೆ ನೌಕೆ ಇಳಿಯುವ ಬದಲು ಮೇಲಕ್ಕೆ ಚಿಮ್ಮುತ್ತದೆ. ಆದ್ದರಿಂದ ಬಲವನ್ನು ತಗ್ಗಿಸುತ್ತಾ ಬಂದು, ಕೊನೆಯ ಹಂತದಲ್ಲಿ ಎರಡೇ ಎಂಜಿನ್ ಉರಿಸಿ ಇಳಿದರು. ಅಷ್ಟೇ ಅಲ್ಲದೆ ಈ ಸಲ ಇಂಧನವನ್ನೂ ಹೆಚ್ಚಾಗಿ ತುಂಬಿಸಿದ್ದರು. ಜಾಗ ಹುಡುಕುತ್ತಾ ಒಂದಿಷ್ಟು ಹೊತ್ತು ಗಾಳಿಯಿಲ್ಲದಲ್ಲಿ ತೇಲಿ ನಿಲ್ಲಬೇಕಾದರೆ, ಅಥವಾ ಪಕ್ಕಕ್ಕೆ ಸರಿಯಬೇಕಾದರೆ, ಅದು ಬೇಕಾಗುತ್ತದೆ.

ಮೂರನೆಯದು ಸೆನ್ಸರ್ ತಂಡ. ನನಗೆ ಈ ತಂಡದ ಮೇಲೆ ವಿಶೇಷ ಅಕ್ಕರೆ, ಯಾಕೆಂದರೆ ಪತ್ರಿಕೆಗಳಲ್ಲಿ ಇವರ ಕೆಲಸಕ್ಕೆ ಸಿಕ್ಕಿದ ಜಾಗ ತೀರಾ ಕಡಿಮೆ. ಲ್ಯಾಂಡರ್ ಕುರುಡಾಗಿದ್ದರೆ ಮೇಲಿನ ಎರಡೂ ತಂಡಗಳ ಜಾಣ್ಮೆ ಕೆಲಸಕ್ಕೆ ಬಾರದು. ಎತ್ತರ ಅಳೆಯಲು ಒಂದು ಲೇಸರ್ ಉಪಕರಣ, ಇನ್ನೊಂದು ರೇಡಿಯೋ ತರಂಗದ ಉಪಕರಣ. ಎರಡೂ ಸಂಕೇತವನ್ನು ನೆಲಕ್ಕೆ ಕಳಿಸಿ, ಅದು ಮರಳಿ ಬರುವ ಹೊತ್ತಿನಿಂದ ದೂರ ಹೇಳುತ್ತವೆ. ಒಂದು ತಪ್ಪಿದರೆ ಇನ್ನೊಂದಿದೆ. ಜೊತೆಗೆ ನೆಲದ ಚಿತ್ರ ತೆಗೆದು ಮೊದಲೇ ತುಂಬಿಟ್ಟ ನಕ್ಷೆಯೊಡನೆ ಹೋಲಿಸುವ ಕ್ಯಾಮೆರಾ, ಅಡ್ಡ ವೇಗ ಅಳೆಯುವ ಕ್ಯಾಮೆರಾ, ಮತ್ತು ಇಳಿಯುವ ಜಾಗದಲ್ಲಿ ಬಂಡೆ, ಹಳ್ಳ ಇವೆಯೇ ಎಂದು ನೋಡುವ ಕ್ಯಾಮೆರಾ. ಈ ಕೊನೆಯ ಬಗೆಯದು ಚಂದ್ರಯಾನ-2ರಲ್ಲಿ ಒಂದೇ ಇತ್ತು, ಚಂದ್ರಯಾನ-3ರಲ್ಲಿ ಎರಡು.

ಹೊಸದಾಗಿ ಸೇರಿದ್ದು ಲೇಸರ್ ಡಾಪ್ಲರ್ ವೇಗಮಾಪಕ. ರೈಲು ಹತ್ತಿರ ಬರುವಾಗ ಅದರ ಕೂಗು ಏರಿದ ಸ್ವರದಲ್ಲೂ, ದೂರ ಸರಿಯುವಾಗ ಇಳಿದ ಸ್ವರದಲ್ಲೂ ಕೇಳುವುದನ್ನು ಎಲ್ಲರೂ ಬಲ್ಲರು. ಬೆಳಕಿಗೂ ಆ ಸ್ವಭಾವವಿದೆ. ನೆಲಕ್ಕೆ ಬಿಟ್ಟ ಲೇಸರ್ ಕಿರಣ ಮರಳಿದಾಗ ಅದರ ಕಂಪನ ಎಷ್ಟು ಬದಲಾಗಿದೆ ಎಂದು ನೋಡಿ ನೌಕೆಯ ವೇಗ ಹೇಳಬಹುದು. ಬೇರೆ ಬೇರೆ ದಿಕ್ಕಿಗೆ ಕಿರಣ ಬಿಟ್ಟರೆ ಕೆಳಗಿನ ವೇಗವೂ ಪಕ್ಕದ ವೇಗವೂ ಒಟ್ಟಿಗೆ ಸಿಗುತ್ತವೆ. ಇದರ ಬೆಲೆ ತಿಳಿಯಬೇಕಾದರೆ, ಇದಿಲ್ಲದಾಗ ವೇಗ ಹೇಗೆ ಗೊತ್ತಾಗುತ್ತದೆ ಎಂದು ನೋಡಬೇಕು. ನೌಕೆಯೊಳಗಿನ ವೇಗೋತ್ಕರ್ಷ ಮಾಪಕ ಪ್ರತಿ ಕ್ಷಣ ಎಷ್ಟು ತಳ್ಳಿಸಿಕೊಂಡೆ ಎಂದು ಅಳೆದು, ಅವನ್ನೆಲ್ಲ ಕೂಡಿಸಿ ವೇಗ ಹೇಳುತ್ತದೆ. ಕೂಡಿಸುವಾಗ ಸಣ್ಣ ಸಣ್ಣ ತಪ್ಪುಗಳೂ ಕೂಡುತ್ತವೆ. ನೆಲವನ್ನೇ ನೋಡಿ ಅಳೆಯುವ ಉಪಕರಣಕ್ಕೆ ಆ ಹಳೆಯ ಸಾಲದ ಹೊರೆ ಇಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದು ಆ ವಾರವೇ ಕಣ್ಣೆದುರಿಗಿತ್ತು. ವಿಕ್ರಮ್ ಇಳಿಯುವ ನಾಲ್ಕು ದಿನ ಮೊದಲು, ಆಗಸ್ಟ್ 19ರಂದು, ರಷ್ಯಾದ ಲೂನಾ-25 ಚಂದ್ರನಿಗೆ ಅಪ್ಪಳಿಸಿತು. ಕಕ್ಷೆ ಬದಲಿಸಲು 84 ಸೆಕೆಂಡ್ ಉರಿಯಬೇಕಿದ್ದ ಅದರ ಎಂಜಿನ್ 127 ಸೆಕೆಂಡ್ ಉರಿಯಿತು. ವೇಗೋತ್ಕರ್ಷ ಮಾಪಕದ ಘಟಕ ಚಾಲೂ ಆಗಿರಲಿಲ್ಲವಾದ್ದರಿಂದ, ಸಾಕಷ್ಟು ವೇಗ ಬದಲಾಯಿತು ಎಂದು ಕಂಪ್ಯೂಟರಿಗೆ ತಿಳಿಯಲೇ ಇಲ್ಲ ಎಂದು ರಷ್ಯಾದ ಬಾಹ್ಯಾಕಾಶ ಸಂಸ್ಥೆ ಆಮೇಲೆ ಹೇಳಿತು. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಅದನ್ನು ನಿಲ್ಲಿಸು ಎನ್ನಬೇಕಾದ ಅಳತೆ ಬರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟು ಸೆನ್ಸರ್ ತಂಡಕ್ಕೆ ಸಂದ ವಂದನೆಯನ್ನು ಕೇಳಿದರೆ ಅದರ ತೂಕ ತಿಳಿಯುತ್ತದೆ.

ನಾಲ್ಕನೆಯ ಗುಂಪನ್ನು ವೀರಮುತ್ತುವೇಲ್ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು, ಆದರೆ ಜನಸಂಖ್ಯೆಯಲ್ಲಿ ದೊಡ್ಡ ಗುಂಪು ಇದೇ ಇರಬೇಕು. ಉಪಗ್ರಹದವರ ಮಾತಿನಲ್ಲಿ ಮೇನ್‌ಫ್ರೇಮ್ ಎಂದರೆ ವೈಜ್ಞಾನಿಕ ಉಪಕರಣಗಳನ್ನು ಬಿಟ್ಟು ನೌಕೆಯಲ್ಲಿ ಉಳಿದದ್ದೆಲ್ಲ: ಚೌಕಟ್ಟು, ಸೌರಫಲಕ, ಬ್ಯಾಟರಿ, ಶಾಖ ಕಾಯುವ ಹೊದಿಕೆ, ಸಂಪರ್ಕದ ಆಂಟೆನಾ, ಕಾಲುಗಳು. ಇಲ್ಲಿ ಕೆಲಸ ಸರಿಯಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಉದಾಹರಣೆ ಸಾಕು. ಮೊದಲನೆಯದು ಕಾಲು. ಇಳಿಯುವಾಗ ಸೆಕೆಂಡಿಗೆ 2 ಮೀಟರ್ ವೇಗವನ್ನು ತಡೆಯುವಂತಿದ್ದ ಕಾಲುಗಳನ್ನು 3 ಮೀಟರ್ ತಡೆಯುವಷ್ಟು ಗಟ್ಟಿ ಮಾಡಿದರು. ಕೇಳಲು ಸಣ್ಣ ವ್ಯತ್ಯಾಸ. ಆದರೆ ಬಡಿತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕಾಲು ನುಂಗಿಕೊಳ್ಳಬೇಕಾದ ಪೆಟ್ಟು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಎರಡನೆಯದು ಸೌರಫಲಕ. ನೌಕೆ ಇಳಿದು ಯಾವ ಕಡೆಗೆ ಮುಖ ಮಾಡಿ ನಿಂತರೂ ಬಿಸಿಲು ಸಿಗಲಿ ಎಂದು ಹೆಚ್ಚು ಬದಿಗಳಿಗೆ ಫಲಕ ಹೊದಿಸಿದರು. ಧ್ರುವದ ಹತ್ತಿರ ಸೂರ್ಯ ನೆತ್ತಿಗೆ ಏರುವುದಿಲ್ಲ, ದಿಗಂತದ ಬಳಿಯಲ್ಲೇ ಸುತ್ತುತ್ತಾನೆ. ಬಿಸಿಲು ಪಕ್ಕದಿಂದ ಬರುತ್ತದೆ. ಹಾಗಿದ್ದಾಗ ತಪ್ಪು ಕಡೆಗೆ ತಿರುಗಿ ನಿಂತ ಲ್ಯಾಂಡರ್ ಸುರಕ್ಷಿತವಾಗಿ ಇಳಿದೂ ಕರೆಂಟಿಲ್ಲದೆ ಸಾಯಬಹುದಿತ್ತು.

ಆ ಮೇಲೆ ಪರಿಶೀಲನಾ ಸಮಿತಿ. ಕೆಲಸ ಮಾಡಿದವರಿಗೆ ವಂದನೆ ಹೇಳುವುದು ವಾಡಿಕೆ. ತಪ್ಪು ಹುಡುಕಿದವರಿಗೆ ವಂದನೆ ಹೇಳುವುದು ಅಪರೂಪ, ಅದರಲ್ಲೂ ಗುರಿ ಮುಟ್ಟಿದ್ದರ ಶ್ರೇಯಸ್ಸನ್ನು ಅವರಿಗೆ ಕೊಡುವುದು. ಈ ಪಟ್ಟಿಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಈ ಕೊನೆಯ ಹೆಸರು.

ಜುಲೈ 14ರಂದು ಶ್ರೀಹರಿಕೋಟಾದಿಂದ ಹಾರಿದ ನೌಕೆ ನೇರವಾಗಿ ಚಂದ್ರನಿಗೆ ಹೋಗಲಿಲ್ಲ. ಭೂಮಿಯ ಸುತ್ತ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡು, ಆಗಸ್ಟ್ 1ರ ನಸುಕಿನಲ್ಲಿ ಚಂದ್ರನ ದಾರಿ ಹಿಡಿಯಿತು. ಆಗಸ್ಟ್ 5ರಂದು ಚಂದ್ರನ ಕಕ್ಷೆ ಸೇರಿತು. 17ರಂದು ಲ್ಯಾಂಡರ್ ಬೇರ್ಪಟ್ಟಿತು. ಇನ್ನೆರಡು ಸಲ ವೇಗ ತಗ್ಗಿಸಿ, 20ರ ಹೊತ್ತಿಗೆ ಒಂದು ಕಡೆ ನೆಲದಿಂದ 25 ಕಿಲೋಮೀಟರ್, ಇನ್ನೊಂದು ಕಡೆ 134 ಕಿಲೋಮೀಟರ್ ಎತ್ತರದ ಕಕ್ಷೆಗೆ ಬಂತು. ಪ್ರತಿ ಸಲವೂ ಎಂಜಿನ್ ಎಷ್ಟು ಹೊತ್ತು ಉರಿಯಬೇಕು, ನೌಕೆ ಯಾವ ಕಡೆ ಮುಖ ಮಾಡಿರಬೇಕು ಎಂಬ ಆಜ್ಞೆಗಳನ್ನು ಇಲ್ಲಿಂದ ಕಳಿಸಬೇಕು. ಲೂನಾ-25 ಸೋತದ್ದು ಇಂಥದ್ದೇ ಒಂದು ಹೆಜ್ಜೆಯಲ್ಲಿ. ಆಜ್ಞೆ ಬರೆದವರು ಎಷ್ಟೇ ಜಾಣರಾಗಿರಲಿ, ತಾವು ಬರೆದದ್ದನ್ನು ತಾವೇ ಓದುವಾಗ ಇರಬೇಕಾದ್ದು ಕಾಣುತ್ತದೆಯೇ ಹೊರತು ಇರುವುದು ಕಾಣುವುದಿಲ್ಲ. ಹೊರಗಿನ ಕಣ್ಣು ಬೇಕಾಗುವುದು ಅದಕ್ಕೆ.

ಪರಿಶೀಲನೆಯ ಇನ್ನೊಂದು ಮುಖ, ಬೇಡ ಎನ್ನುವ ಅಧಿಕಾರ. ಇಳಿಯುವುದಕ್ಕೆ ಎರಡು ಗಂಟೆ ಮೊದಲು ಲ್ಯಾಂಡರಿನ ಆರೋಗ್ಯ ಮತ್ತು ಚಂದ್ರನ ಮೇಲಿನ ಸ್ಥಿತಿ ನೋಡಿ ತೀರ್ಮಾನಿಸುತ್ತೇವೆ, ಏನಾದರೂ ಸರಿ ಕಾಣದಿದ್ದರೆ ಆಗಸ್ಟ್ 27ಕ್ಕೆ ಮುಂದೂಡುತ್ತೇವೆ ಎಂದು ಇಸ್ರೋದ ಅಹಮದಾಬಾದ್ ಕೇಂದ್ರದ ನಿರ್ದೇಶಕ ನೀಲೇಶ್ ದೇಸಾಯಿ ಮೊದಲೇ ಹೇಳಿದ್ದರು. ಇಡೀ ದೇಶ ಟಿ.ವಿ. ಮುಂದೆ ಕುಳಿತಿರುವಾಗ, ಪ್ರಧಾನಿ ಪರದೆಯ ಮೇಲೆ ಬರಲು ಸಿದ್ಧರಾಗಿರುವಾಗ, ಇವತ್ತು ಬೇಡ ಎನ್ನಲು ಧೈರ್ಯ ಬೇಕು. ಆ ಮಾತು ಹೇಳುವ ಸಂದರ್ಭ ಬರಲಿಲ್ಲ. ಬಂದರೆ ಹೇಳುವ ವ್ಯವಸ್ಥೆ ಇತ್ತು.

ವೀರಮುತ್ತುವೇಲ್ ಅವರ ಮಾತಿನ ಜೊತೆಗೇ ಸಹ ಯೋಜನಾ ನಿರ್ದೇಶಕಿ ಕಲ್ಪನಾ ಕಾಳಹಸ್ತಿ ಅವರ ಮಾತನ್ನೂ ಓದಬೇಕು. ಅವರು ಇನ್ನೊಂದು ಕಡೆಯಿಂದ ವಂದಿಸಿದರು. ಚಂದ್ರಯಾನ-2ರ ಅನುಭವದ ಬಳಿಕ ನೌಕೆಯನ್ನು ಮತ್ತೆ ಕಟ್ಟಲು ತೊಡಗಿದ ದಿನದಿಂದ ತಮ್ಮ ತಂಡಕ್ಕೆ ಉಸಿರು ಒಳಗೆಳೆದರೂ ಹೊರಬಿಟ್ಟರೂ ಚಂದ್ರಯಾನ-3 ಎಂಬಂತಾಗಿತ್ತು ಎಂದರು. ವಿನ್ಯಾಸ ಬದಲಿಸಿದ್ದನ್ನೂ, ಎಚ್ಚರದಿಂದ ಮಾಡಿದ ಪರೀಕ್ಷೆಗಳನ್ನೂ ಹೆಸರಿಸಿದರು. ಯೋಜನಾ ನಿರ್ದೇಶಕರು ತಂಡಗಳನ್ನು ನೆನೆದರೆ, ಸಹ ನಿರ್ದೇಶಕಿ ಆ ತಂಡಗಳು ಕಳೆದ ವರ್ಷಗಳನ್ನು ನೆನೆದರು.

ಆ ಪರೀಕ್ಷೆಗಳು ಯಾವುವು? ಚಂದ್ರನ ಮೇಲೆ ಇಳಿಯುವುದನ್ನು ಭೂಮಿಯ ಮೇಲೆ ಪೂರ್ತಿಯಾಗಿ ಅಭ್ಯಾಸ ಮಾಡಲು ಸಾಧ್ಯವಿಲ್ಲ. ಇಲ್ಲಿ ಗುರುತ್ವ ಆರು ಪಟ್ಟು, ಗಾಳಿಯೂ ಇದೆ. ಆದ್ದರಿಂದ ತುಂಡು ತುಂಡಾಗಿ ಪರೀಕ್ಷಿಸಿದರು. ಎಂಜಿನ್ ಉರಿಸದೆ, ಸೆನ್ಸರ್ ಮತ್ತು ಪಥ ನಿರ್ಣಯದ ಸಾಮಗ್ರಿಯನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿದ್ದು ಒಂದು. ಸೆನ್ಸರ್, ಎಂಜಿನ್, ನಿಯಂತ್ರಣ ಮೂರೂ ಒಂದಕ್ಕೊಂದು ಸ್ಪಂದಿಸುತ್ತವೆಯೇ ಎಂದು ಎತ್ತರದ ಕ್ರೇನಿಗೆ ತೂಗುಹಾಕಿ ಉರಿಸಿ ನೋಡಿದ್ದು ಇನ್ನೊಂದು. ಚಂದ್ರನ ಮಣ್ಣನ್ನು ಹೋಲುವ ಹಾಸಿನ ಮೇಲೆ ಕಾಲುಗಳನ್ನು ಬಗೆಬಗೆಯ ವೇಗ ಮತ್ತು ಓರೆಯಲ್ಲಿ ಬೀಳಿಸಿದ್ದು ಮೂರನೆಯದು. ಇಂಥ ಮಣ್ಣಿಗೆ ಚಂದ್ರಯಾನ-2ರ ಕಾಲದಲ್ಲಿ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸೀತಂಪೂಂಡಿ ಸುತ್ತಲಿನ ಬಂಡೆ ಆರಿಸಿದ್ದರು, ಚಂದ್ರನ ಬೆಟ್ಟಪ್ರದೇಶದ ಕಲ್ಲಿನ ಜಾತಿಯದೇ ಆದ ಅನಾರ್ತೊಸೈಟ್ ಅಲ್ಲಿ ಸಿಗುತ್ತದೆಂದು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಆಗಲೇ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿ ಮೇಲಿನಿಂದ ಸೆನ್ಸರ್‌ಗಳನ್ನು ಪರೀಕ್ಷಿಸಿದ್ದರು. ಬಯಲುಸೀಮೆಯ ಆ ಹುಲ್ಲುಗಾವಲಿನಲ್ಲಿ ಗುದ್ದಲಿ ಹಿಡಿದವರ ಹೆಸರು ಯಾವ ಭಾಷಣದಲ್ಲೂ ಬಂದಿರಲಾರದು. ಪರೀಕ್ಷೆಗಳನ್ನು ನೆನೆದಾಗ ಅವರೂ ಆ ನೆನಪಿನ ಒಳಗೆ ಬಂದರು ಎಂದು ನಾನು ತಿಳಿಯುತ್ತೇನೆ.

ಒಬ್ಬರ ಮಾತಿನಲ್ಲಿ ಎಲ್ಲರೂ ಹಿಡಿಯುವುದಿಲ್ಲ. ಮೊದಲನೆಯದಾಗಿ, ಸಂಕೇತ ಹಿಡಿದವರು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾದ ಜೊತೆಗೆ ಅಮೆರಿಕ ಮತ್ತು ಯೂರೋಪಿನ ಬಾಹ್ಯಾಕಾಶ ಸಂಸ್ಥೆಗಳ ಆಂಟೆನಾಗಳೂ ಈ ಯಾನಕ್ಕೆ ಕಿವಿಗೊಟ್ಟವು. ಭೂಮಿ ತಿರುಗುತ್ತಾ ಬ್ಯಾಲಾಳು ಚಂದ್ರನಿಗೆ ಬೆನ್ನು ಮಾಡಿದಾಗ ಬೇರೆ ಖಂಡದ ಆಂಟೆನಾ ಆ ಕೆಲಸ ವಹಿಸಿಕೊಳ್ಳಬೇಕು. ಎರಡನೆಯದಾಗಿ, ಚಂದ್ರಯಾನ-2ರವರು. 2019ರಲ್ಲಿ ಲ್ಯಾಂಡರ್ ಹೋಯಿತು, ಆದರೆ ಆರ್ಬಿಟರ್ ಚಂದ್ರನ ಸುತ್ತ ಉಳಿಯಿತು. ಅದರ ಕ್ಯಾಮೆರಾ ನೆಲದ ಮೇಲಿನ ಸುಮಾರು 30 ಸೆಂಟಿಮೀಟರಿನ ವಿವರವನ್ನೂ ಹಿಡಿಯಬಲ್ಲದು. ಹೊಸ ಲ್ಯಾಂಡರಿಗೆ ಬಂಡೆ ಕಡಿಮೆಯಿರುವ ಜಾಗ ಆರಿಸಲು ಆ ಚಿತ್ರಗಳೇ ಆಧಾರವಾದವು. ಅಷ್ಟೇ ಅಲ್ಲ, ಚಂದ್ರಯಾನ-3ರ ಲ್ಯಾಂಡರ್ ಆ ಹಳೆಯ ಆರ್ಬಿಟರಿನೊಡನೆ ಸಂಪರ್ಕವನ್ನೂ ಬೆಳೆಸಿಕೊಂಡಿತು. ಆ ಯಾನದ ಯೋಜನಾ ನಿರ್ದೇಶಕಿಯಾಗಿದ್ದವರು ಎಂ. ವನಿತಾ. ಜನ ಸೋಲು ಎಂದು ಕರೆದ ಯಾನದ ಅರ್ಧ ಭಾಗ ಗೆದ್ದ ಯಾನಕ್ಕೆ ದಾರಿ ತೋರಿಸಿತು.

ಯೋಜನೆಯ ಮುಖ್ಯಸ್ಥರೇ ಎದ್ದು ಮಾತಾಡುವ ಪದ್ಧತಿಗೂ ಇಸ್ರೋದಲ್ಲಿ ಒಂದು ಇತಿಹಾಸವಿದೆ. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ, ಅದರ ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರ ಬದಲು ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರನ್ನು ಎದುರಿಸಿದರು. 1980ರ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ ಕಲಾಂ ಅವರನ್ನೇ ಮಾತಾಡಲು ಕಳಿಸಿದರು. ಕಲಾಂ ಇದನ್ನು ಬದುಕಿನುದ್ದಕ್ಕೂ ಹೇಳುತ್ತಿದ್ದರು. ಪೀಣ್ಯದಲ್ಲಿ ಸೋಮನಾಥ್ ಮೈಕನ್ನು ತಮ್ಮ ಕೈಯಿಂದ ದಾಟಿಸಿದ್ದು ಈ ಪರಂಪರೆಯಲ್ಲೇ. ಮೈಕ್ ಸಿಕ್ಕವರು ಅದನ್ನು ಮತ್ತೂ ಕೆಳಕ್ಕೆ, ತಂಡಗಳವರೆಗೆ, ದಾಟಿಸಿದರು.

ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಊರ ಸೇತುವೆ ಕೆಲಸ ಮುಗಿದಾಗ ಇಂಥ ಮಾತಾಡಬೇಕಾದವರು ಈ ಪಟ್ಟಿಯನ್ನು ಒಮ್ಮೆ ಕೂತು ಓದಬೇಕು. ಎಲ್ಲರಿಗೂ ಧನ್ಯವಾದ ಎಂದರೆ ಎಲೆಕ್ಟ್ರಿಷಿಯನ್‌ಗೆ ತನ್ನ ಕೆಲಸ ಯಾರಾದರೂ ಕಂಡರೇ ಎಂಬುದು ತಿಳಿಯುವುದಿಲ್ಲ. ಹೊಗಳಿಕೆಯ ಮಾತು ಜೋಡಿಸಿದರೂ ತಿಳಿಯುವುದಿಲ್ಲ. ಮಾತಾಡುವವರು ಮೊದಲು ತಮ್ಮ ಕೆಲಸ ಎಲ್ಲೆಲ್ಲಿ ಮುರಿಯಬಹುದಿತ್ತು ಎಂದು ಗುರುತು ಹಾಕಿಕೊಂಡು, ಅಲ್ಲಲ್ಲಿ ನಿಂತು ಕಾದವರು ಯಾರು ಎಂದು ಬರೆದುಕೊಂಡರೆ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಬೇಡ, ಇದು ಸರಿಯಿಲ್ಲ ಎಂದು ನಡುವೆ ತಕರಾರು ತೆಗೆದವರ ಹೆಸರೂ ಅದರಲ್ಲಿ ಇದ್ದೇ ಇರುತ್ತದೆ.

ವೀರಮುತ್ತುವೇಲ್ ವಿಲ್ಲುಪುರಂನವರು, ರೈಲ್ವೆ ನೌಕರರ ಮಗ. ಡಿಪ್ಲೊಮಾದಿಂದ ಶುರುಮಾಡಿ ಮದ್ರಾಸ್ ಐಐಟಿಯ ಡಾಕ್ಟರೇಟ್‌ವರೆಗೆ ಓದಿದವರು. 2023ರ ಅಕ್ಟೋಬರ್‌ನಲ್ಲಿ ತಮಿಳುನಾಡು ಸರ್ಕಾರ ಆ ರಾಜ್ಯದ ಬಾಹ್ಯಾಕಾಶ ವಿಜ್ಞಾನಿಗಳನ್ನು ಗೌರವಿಸಿ ತಲಾ 25 ಲಕ್ಷ ರೂಪಾಯಿ ಕೊಟ್ಟಿತು. ಅವರು ತಮ್ಮ ಪಾಲಿನ ಹಣವನ್ನು ತಾವು ಓದಿದ ಸಂಸ್ಥೆಗಳಿಗೆ ಹಂಚಿದರು. ಪೀಣ್ಯದ ಪಟ್ಟಿಯಲ್ಲಿ ಬಾರದಿದ್ದ ವಿಲ್ಲುಪುರಂನ ಪಾಲಿಟೆಕ್ನಿಕ್‌ಗೂ ಅದರಲ್ಲಿ ಪಾಲು ಸಿಕ್ಕಿತು.